ಸಬ್‌ಮರೀನ್, ಸರಕು ಹಡಗು, ಬೆಂಗಾವಲು: ಅಟ್ಲಾಂಟಿಕ್ ಸಮರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನಿಯ ಸಬ್‌ಮರೀನ್‌ಗಳಿಗೂ ಬ್ರಿಟನ್ ಕಡೆಯ ಕಾನ್ವಾಯ್‌ಗಳಿಗೂ, ಅಂದರೆ ಬೆಂಗಾವಲಿನೊಡನೆ ಗುಂಪಾಗಿ ಸಾಗುವ ಸರಕು ಹಡಗುಗಳಿಗೂ, ನಡೆದ ಕಾದಾಟವೇ ಇಲ್ಲಿನ ಮುಖ್ಯ ವಿಷಯ. ಉಳಿದ ಯುದ್ಧಗಳು ಅಗತ್ಯವಿದ್ದಲ್ಲಿ ಮಾತ್ರ ಬರುತ್ತವೆ.

ಯುದ್ಧನೌಕೆಗಳನ್ನು ಬಿಟ್ಟು ಸರಕು ಹಡಗುಗಳ ಬೆನ್ನು ಹತ್ತಿದ್ದು ಏಕೆ?

ಬ್ರಿಟನ್ ದ್ವೀಪ ರಾಷ್ಟ್ರ. ಅದರ ಪೆಟ್ರೋಲು, ಕಬ್ಬಿಣದ ಅದಿರು, ಮರಮುಟ್ಟು, ಗೋಧಿ ಎಲ್ಲವೂ ಹಡಗಿನಲ್ಲೇ ಬರಬೇಕಿತ್ತು. ಅದರ ನೌಕಾಪಡೆಯನ್ನು ನೇರವಾಗಿ ಎದುರಿಸುವಷ್ಟು ಹಡಗುಗಳು ಜರ್ಮನಿಯ ಬಳಿ ಇರಲಿಲ್ಲ. ಸಬ್‌ಮರೀನ್ ಪಡೆಯ ಮುಖ್ಯಸ್ಥ ಕಾರ್ಲ್ ಡೋನಿಟ್ಜ್‌ನ ಲೆಕ್ಕಾಚಾರ ಸರಳವಾಗಿತ್ತು: ಶತ್ರು ಹೊಸದಾಗಿ ಕಟ್ಟುವುದಕ್ಕಿಂತ ಹೆಚ್ಚು ಟನ್ ಹಡಗನ್ನು ತಿಂಗಳು ತಿಂಗಳೂ ಮುಳುಗಿಸುತ್ತ ಹೋದರೆ ಸಾಕು. ಆ ಹಡಗು ಎಲ್ಲಿತ್ತು, ಖಾಲಿಯಿತ್ತೋ ತುಂಬಿತ್ತೋ ಎಂಬುದೆಲ್ಲ ಅವನಿಗೆ ಆಮೇಲಿನ ಮಾತು. ಇದನ್ನು ‘ಟನ್ನೇಜ್ ಯುದ್ಧ’ ಎನ್ನುತ್ತಾರೆ.

ಈ ಲೆಕ್ಕದಲ್ಲೇ ಒಂದು ದೌರ್ಬಲ್ಯ ಅಡಗಿತ್ತು. ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಅಲ್ಲಿನ ಹಡಗುಕಟ್ಟೆಗಳು ‘ಲಿಬರ್ಟಿ’ ಎಂಬ ಸರಕು ಹಡಗುಗಳನ್ನು ಸಾಲುಸಾಲಾಗಿ ನೀರಿಗಿಳಿಸತೊಡಗಿದವು. ಅಲ್ಲಿಗೆ ಡೋನಿಟ್ಜ್‌ನ ಗುರಿ ಪ್ರತಿ ತಿಂಗಳೂ ಇನ್ನಷ್ಟು ದೂರ ಸರಿಯಿತು.

ಸಬ್‌ಮರೀನ್ ನೀರಿನೊಳಗಿಂದಲೇ ತಾನೇ ದಾಳಿ ಮಾಡುತ್ತಿದ್ದುದು?

ಹೆಚ್ಚಿನವರು ಹಾಗೇ ಅಂದುಕೊಂಡಿದ್ದಾರೆ. ಈ ತಪ್ಪು ಕಲ್ಪನೆಯನ್ನು ಮೊದಲು ಬದಿಗಿಡದೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಜರ್ಮನಿ ಅತಿ ಹೆಚ್ಚು ಬಳಸಿದ ‘ಟೈಪ್ 7ಸಿ’ ಮಾದರಿಯನ್ನೇ ನೋಡಿ. ನೀರಿನ ಮೇಲೆ ಡೀಸೆಲ್ ಎಂಜಿನ್ ಹಾಕಿ ಗಂಟೆಗೆ ಸುಮಾರು 33 ಕಿ.ಮೀ. ಓಡುತ್ತಿತ್ತು. ಮುಳುಗಿದಾಗ ಡೀಸೆಲ್‌ಗೆ ಗಾಳಿ ಸಿಗದು, ಬ್ಯಾಟರಿಯೇ ಗತಿ. ಆಗ ಗರಿಷ್ಠ ವೇಗ ಗಂಟೆಗೆ 14 ಕಿ.ಮೀ., ಅದೂ ಬ್ಯಾಟರಿ ಖಾಲಿಯಾಗುವವರೆಗಿನ ಸ್ವಲ್ಪ ಹೊತ್ತು ಮಾತ್ರ. ಗಂಟೆಗೆ 7 ಕಿ.ಮೀ.ನಂತೆ ಜತನದಿಂದ ಹೋದರೆ ಒಟ್ಟು ಸುಮಾರು 150 ಕಿ.ಮೀ. ಸಾಗಬಹುದಿತ್ತು. ಆಮೇಲೆ ಮೇಲೆ ಬಂದು ಡೀಸೆಲ್ ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳಲೇಬೇಕು.

ನಿಧಾನದ ಕಾನ್ವಾಯ್ ಕೂಡ ಗಂಟೆಗೆ 13 ಕಿ.ಮೀ. ಹೋಗುತ್ತಿತ್ತು. ಹಾಗಾಗಿ ಮುಳುಗಿದ ಸಬ್‌ಮರೀನ್‌ಗೆ ಅದರ ಜೊತೆ ಹೆಜ್ಜೆ ಹಾಕಲು ಆಗುತ್ತಿರಲಿಲ್ಲ. ದಾಳಿ ಮಾಡಬೇಕೆಂದರೆ ನೀರಿನ ಮೇಲೆ ಓಡಿ ಕಾನ್ವಾಯ್‌ನ ಮುಂದಕ್ಕೆ ಬಂದು ಕಾಯಬೇಕು, ಇಲ್ಲವೇ ರಾತ್ರಿ ಮೇಲೆಯೇ ಇದ್ದು ನುಗ್ಗಬೇಕು. ಅದು ನಿಜದಲ್ಲಿ, ಬೇಕಾದಾಗ ಮುಳುಗಬಲ್ಲ ಟಾರ್ಪೆಡೊ ದೋಣಿ. ಮುಳುಗುವುದು ಅದಕ್ಕೆ ದಾಳಿಯ ದಾರಿಗಿಂತ ಹೆಚ್ಚಾಗಿ ತಪ್ಪಿಸಿಕೊಳ್ಳುವ ದಾರಿಯಾಗಿತ್ತು. ಬೆಂಗಾವಲಿನ ಇಡೀ ತಂತ್ರ ಕೊನೆಗೆ ಬಂದು ನಿಂತದ್ದು ಇದೇ ಅಂಶದ ಮೇಲೆ.

ಎಚ್ಚರಿಕೆ ಕೊಡದೆ ವ್ಯಾಪಾರಿ ಹಡಗು ಮುಳುಗಿಸಲು ಕಾನೂನಿನ ಅನುಮತಿ ಇತ್ತೇ?

ಇರಲಿಲ್ಲ. ಹಡಗನ್ನು ತಡೆದು, ತಪಾಸಣೆ ಮಾಡಿ, ಜನರನ್ನು ಸುರಕ್ಷಿತ ಜಾಗಕ್ಕೆ ಸೇರಿಸಿದ ಮೇಲೆಯೇ ಮುಳುಗಿಸಬೇಕೆಂಬುದು ಹಳೆಯ ನಿಯಮ. ಅದು ಸಬ್‌ಮರೀನ್‌ಗೂ ಅನ್ವಯಿಸುತ್ತದೆಂದು 1936ರ ಲಂಡನ್ ಒಪ್ಪಂದ ಹೇಳಿತು, ಜರ್ಮನಿಯೂ ಅದಕ್ಕೆ ಒಪ್ಪಿತ್ತು. ಆದರೆ 44 ಮಂದಿ ಒತ್ತೊತ್ತಾಗಿ ಇರುವ ಹಡಗಿನಲ್ಲಿ ಇನ್ನೊಂದು ಹಡಗಿನ ಜನರಿಗೆ ಜಾಗವೆಲ್ಲಿ? ಮೇಲೆ ಬಂದು ನಿಂತರೆ ಸರಕು ಹಡಗಿನ ಒಂದೇ ತೋಪು ಸಬ್‌ಮರೀನ್‌ಗೆ ತೂತು ಕೊರೆಯಬಲ್ಲದು. ಯುದ್ಧ ಶುರುವಾದ ಕೆಲವೇ ತಿಂಗಳಲ್ಲಿ ನಿಯಮ ಕಾಗದದಲ್ಲಷ್ಟೇ ಉಳಿಯಿತು. ಪೆಸಿಫಿಕ್‌ನಲ್ಲಿ ಅಮೆರಿಕ ಯುದ್ಧದ ಮೊದಲ ದಿನವೇ ಅದನ್ನು ಕೈಬಿಟ್ಟಿತು.

ಹಡಗುಗಳೆಲ್ಲ ಗುಂಪುಗೂಡಿದರೆ ಶತ್ರುವಿಗೇ ಅನುಕೂಲವಲ್ಲವೇ?

ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾ ಮುಖ್ಯ ಕಚೇರಿಯ ಅಧಿಕಾರಿಗಳೂ ಇದನ್ನೇ ಕೇಳುತ್ತಿದ್ದರು. 1917ರ ಏಪ್ರಿಲ್ ಒಂದೇ ತಿಂಗಳಲ್ಲಿ 8 ಲಕ್ಷ ಟನ್‌ಗೂ ಹೆಚ್ಚು ಹಡಗು ಮುಳುಗಿದ್ದವು. ಆದರೂ, ವಾರಕ್ಕೆ 2,500 ಹಡಗು ಬಂದು 2,500 ಹೋಗುವಾಗ ಬೆಂಗಾವಲು ಕೊಡುವುದು ಹೇಗೆ ಎಂಬ ವಾದ ನಡೆದೇ ಇತ್ತು. ಆ ಸಂಖ್ಯೆಯಲ್ಲಿ ಕರಾವಳಿಯ ಪುಟ್ಟ ದೋಣಿಗಳೂ ಸೇರಿದ್ದವು. ಸಾಗರ ದಾಟುವ ಹಡಗುಗಳನ್ನು ಮಾತ್ರ ಎಣಿಸಿದಾಗ ಸಿಕ್ಕಿದ್ದು ವಾರಕ್ಕೆ ಸುಮಾರು 140. ಅಷ್ಟಕ್ಕೆ ಬೆಂಗಾವಲು ಒದಗಿಸಬಹುದಿತ್ತು. ಮೇ ತಿಂಗಳಲ್ಲಿ ಕಾನ್ವಾಯ್ ಪ್ರಯೋಗ ಶುರುವಾಯಿತು, ನಷ್ಟ ಇಳಿಯತೊಡಗಿತು.

ಕಾರಣ ಎರಡು. ಮೊದಲನೆಯದು, ಸಾಗರದ ವಿಸ್ತಾರದಲ್ಲಿ 40 ಹಡಗುಗಳ ಗುಂಪು ಒಂಟಿ ಹಡಗಿಗಿಂತ ಅಷ್ಟೇನೂ ದೊಡ್ಡ ಚುಕ್ಕೆಯಲ್ಲ. 40 ಹಡಗು ಒಂದೊಂದಾಗಿ ಹೊರಟರೆ ಕಾದು ಕುಳಿತ ಸಬ್‌ಮರೀನ್‌ಗೆ 40 ಅವಕಾಶ, ಒಟ್ಟಿಗೆ ಹೋದರೆ ಹೆಚ್ಚುಕಡಿಮೆ ಒಂದೇ. ಅದು ತಪ್ಪಿದರೆ ಸಾಗರ ಖಾಲಿ.

ಎರಡನೆಯದು ಶಾಲೆಯ ರೇಖಾಗಣಿತ. ಕಾನ್ವಾಯ್‌ನ ಹಡಗುಗಳನ್ನು ದುಪ್ಪಟ್ಟು ಮಾಡಿದರೆ ಅದು ಆವರಿಸುವ ಜಾಗ ದುಪ್ಪಟ್ಟಾಗುತ್ತದೆ, ಆದರೆ ಸುತ್ತಳತೆ ಸುಮಾರು 1.4 ಪಟ್ಟು ಮಾತ್ರ. ಕಾವಲು ಬೇಕಾದದ್ದು ಸುತ್ತಳತೆಗೆ. ಹಾಗಾಗಿ ದೊಡ್ಡ ಕಾನ್ವಾಯ್‌ನಲ್ಲಿ ಪ್ರತಿ ಹಡಗಿಗೆ ತಗಲುವ ಬೆಂಗಾವಲಿನ ಖರ್ಚು ಕಡಿಮೆ. ವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್‌ನ ತಂಡ ಎರಡನೇ ಯುದ್ಧದ ನಡುವೆ ಹಳೆಯ ದಾಖಲೆ ತೆರೆದು ನೋಡಿದಾಗ, ದೊಡ್ಡ ಕಾನ್ವಾಯ್‌ಗಳು ಶೇಕಡಾವಾರು ಲೆಕ್ಕದಲ್ಲಿ ಕಡಿಮೆ ಹಡಗು ಕಳೆದುಕೊಂಡದ್ದು ಕಂಡಿತು. ಇಷ್ಟು ಸರಳ ಲೆಕ್ಕಕ್ಕೆ ಅಷ್ಟು ವರ್ಷ ಹಿಡಿದದ್ದೇ ಸೋಜಿಗ.

‘ತೋಳಗಳ ಹಿಂಡು’ ಎಂದರೆ ಏನು?

ಡೋನಿಟ್ಜ್ 1918ರಲ್ಲಿ ಮೆಡಿಟರೇನಿಯನ್‌ನಲ್ಲಿ ಯುಬಿ-68 ಎಂಬ ಸಬ್‌ಮರೀನ್‌ನ ಕ್ಯಾಪ್ಟನ್ ಆಗಿದ್ದ. ಒಂಟಿಯಾಗಿ ಕಾನ್ವಾಯ್ ಮೇಲೆ ಬಿದ್ದು, ಹಡಗು ಕಳೆದುಕೊಂಡು ಸೆರೆ ಸಿಕ್ಕ. ಗುಂಪಾಗಿ ಬರುವವರ ಮೇಲೆ ಗುಂಪಾಗಿಯೇ, ರಾತ್ರಿ, ನೀರಿನ ಮೇಲಿಂದ ಬೀಳಬೇಕೆಂಬುದು ಅವನ ಮುಂದಿನ ಸಿದ್ಧಾಂತ.

ನಡೆಯುತ್ತಿದ್ದುದು ಹೀಗೆ. ಕಾನ್ವಾಯ್ ಬರಬಹುದಾದ ದಾರಿಗೆ ಅಡ್ಡವಾಗಿ ಸಬ್‌ಮರೀನ್‌ಗಳು ಹತ್ತಾರು ಕಿಲೋಮೀಟರಿಗೊಂದರಂತೆ ಸಾಲಾಗಿ ನಿಲ್ಲುತ್ತವೆ. ಒಂದಕ್ಕೆ ಹೊಗೆ ಕಂಡರೆ ಅದು ದಾಳಿ ಮಾಡುವುದಿಲ್ಲ. ದಿಗಂತದ ಅಂಚಿನಲ್ಲಿ ಹಿಂಬಾಲಿಸುತ್ತ, ದಿಕ್ಕು ಮತ್ತು ವೇಗವನ್ನು ಫ್ರಾನ್ಸ್‌ನ ಲೋರಿಯಾಂ ಹತ್ತಿರದ ಕೇಂದ್ರಕ್ಕೆ ರೇಡಿಯೋದಲ್ಲಿ ಕಳಿಸುತ್ತದೆ. ಕೇಂದ್ರ ಉಳಿದವನ್ನು ಅಲ್ಲಿಗೆ ಓಡಿಸುತ್ತದೆ. ಸಾಕಷ್ಟು ಸೇರಿದ ಮೇಲೆ, ಕತ್ತಲಾದ ಮೇಲೆ ದಾಳಿ.

ಇದು ಯಶಸ್ವಿಯಾದಾಗ ಹೇಗಿರುತ್ತಿತ್ತು?

ಎಸ್‌ಸಿ 7 ಎಂಬ ಕಾನ್ವಾಯ್‌ನ ಕಥೆ ನೋಡಿ. 1940ರ ಅಕ್ಟೋಬರ್ 5ರಂದು ಕೆನಡಾದ ನೋವಾ ಸ್ಕೋಷಿಯಾದಿಂದ 35 ಸರಕು ಹಡಗು ಹೊರಟವು. ಬಹಳಷ್ಟು ಮುದಿ ಹಡಗುಗಳು, ಹೊಟ್ಟೆಯಲ್ಲಿ ಮರ, ಉಕ್ಕು, ಅದಿರು. ಸಾಗರದ ಬಹುಪಾಲು ದಾರಿಗೆ ಜೊತೆಗಿದ್ದ ಬೆಂಗಾವಲು ಹಡಗು ಒಂದೇ, ಸ್ಕಾರ್ಬರೋ. ಬ್ರಿಟನ್ ಹತ್ತಿರವಾದಾಗ ಇನ್ನೂ ಕೆಲವು ಸೇರಿಕೊಂಡವು. ಆದರೆ ಅವು ಒಟ್ಟಿಗೆ ಅಭ್ಯಾಸ ಮಾಡಿದವಲ್ಲ, ದಾಳಿಯಾದರೆ ಯಾರು ಎಲ್ಲಿಗೆ ಹೋಗಬೇಕೆಂದು ಮಾತಾಡಿಕೊಂಡವೂ ಅಲ್ಲ.

ಅಕ್ಟೋಬರ್ 17ರ ಬೆಳಗಿನ ಜಾವ ಯು-48 ಎಂಬ ಜರ್ಮನ್ ಸಬ್‌ಮರೀನ್ ಎರಡು ಹಡಗುಗಳನ್ನು ಹೊಡೆಯಿತು. ಬೆಳಕಾದ ಮೇಲೆ ಗಸ್ತಿನ ವಿಮಾನವೊಂದು ಅದನ್ನು ಕಂಡು ಮುಳುಗಿಸಿತು, ಅಂದರೆ ಮುಳುಗಿ ಅಡಗುವಂತೆ ಮಾಡಿತು. ಆಗ ಸ್ಕಾರ್ಬರೋ ಮಾಡಿದ್ದು ಸಹಜವಾಗಿ ಎಲ್ಲರೂ ಮಾಡುವುದನ್ನೇ: ಅಡಗಿದ ಶತ್ರುವನ್ನು ಹುಡುಕುತ್ತ ಅಲ್ಲೇ ನಿಂತಿತು. ಗಂಟೆಗಟ್ಟಲೆ ಹುಡುಕಿದರೂ ಏನೂ ಸಿಗಲಿಲ್ಲ. ಅಷ್ಟರಲ್ಲಿ ಕಾನ್ವಾಯ್ ದೂರ ಹೋಗಿತ್ತು, ಸ್ಕಾರ್ಬರೋ ಅದನ್ನು ಮತ್ತೆ ಸೇರಲೇ ಇಲ್ಲ.

18ರ ರಾತ್ರಿ ಹಿಂಡು ಬಿತ್ತು. ಯು-99ರ ಓಟ್ಟೊ ಕ್ರೆಚ್ಮರ್ ಕತ್ತಲಲ್ಲಿ ನೀರಿನ ಮೇಲೆಯೇ ಕಾನ್ವಾಯ್‌ನ ಸಾಲುಗಳ ನಡುವೆ ನುಗ್ಗಿದ. ದೂರದಿಂದ ನಾಲ್ಕು ಟಾರ್ಪೆಡೊಗಳನ್ನು ಬೀಸಣಿಗೆಯಂತೆ ಬಿಡುವ ಬದಲು, ಹತ್ತಿರ ಹೋಗಿ ಒಂದು ಹಡಗಿಗೆ ಒಂದೇ ಟಾರ್ಪೆಡೊ ಬಿಡುವುದು ಅವನ ಪದ್ಧತಿ. ಬೆಂಗಾವಲಿನವರು ಶತ್ರು ಹೊರಗಿದ್ದಾನೆಂದು ಹೊರಗಡೆ ಬೆಳಕಿನ ಗುಂಡು ಹಾರಿಸುತ್ತಿದ್ದರು, ಅವನು ಒಳಗಿದ್ದ. ಬೇಗ ಮುಳುಗಿದ್ದು ಅದಿರಿನ ಹಡಗುಗಳು. ಸರಕು ಭಾರ, ಜಾಗ ಖಾಲಿ, ತೂತು ಬಿದ್ದರೆ ನಿಮಿಷಗಳಲ್ಲಿ ತಳ ಸೇರುತ್ತಿದ್ದವು. ಮರ ತುಂಬಿದವು ಒಡೆದರೂ ತೇಲುತ್ತ ನಿಲ್ಲುತ್ತಿದ್ದವು.

35ರಲ್ಲಿ 20 ಹೋದವು. ಮರುರಾತ್ರಿ ಹಿಂದೆಯೇ ಬರುತ್ತಿದ್ದ ಎಚ್‌ಎಕ್ಸ್ 79 ಎಂಬ ಕಾನ್ವಾಯ್ 12 ಹಡಗು ಕಳೆದುಕೊಂಡಿತು. ಎರಡೂ ರಾತ್ರಿ ಸೇರಿ ಒಂದೇ ಒಂದು ಸಬ್‌ಮರೀನ್ ಕೂಡ ಮುಳುಗಲಿಲ್ಲ.

ಆಸ್ಡಿಕ್ ಇತ್ತಲ್ಲ, ಅದೇಕೆ ಕೆಲಸಕ್ಕೆ ಬರಲಿಲ್ಲ?

ಇಂದು ಸೋನಾರ್ ಎಂದು ಕರೆಯುವ ಉಪಕರಣವನ್ನು ಬ್ರಿಟಿಷರು ಆಸ್ಡಿಕ್ ಎನ್ನುತ್ತಿದ್ದರು. ಅದು ನೀರಿನೊಳಗೆ ಶಬ್ದದ ಮಿಡಿತ ಕಳಿಸಿ ಪ್ರತಿಧ್ವನಿ ಕೇಳುತ್ತದೆ. ಮುಳುಗಿದ ಸಬ್‌ಮರೀನ್ ಒಂದೆರಡು ಕಿಲೋಮೀಟರಿನೊಳಗೆ ಇದ್ದರೆ ಸಿಗುತ್ತಿತ್ತು. ನೀರಿನ ಮೇಲೆ ಓಡುವುದು ಸಿಗುವುದು ಬಹಳ ಕಷ್ಟ. ಯುದ್ಧಕ್ಕೆ ಮುಂಚೆ ಬ್ರಿಟಿಷ್ ನೌಕಾಪಡೆ ಈ ಉಪಕರಣದ ಮೇಲೆ ಇಟ್ಟ ಭರವಸೆ, ಸಬ್‌ಮರೀನ್ ಮುಳುಗಿಯೇ ಬರುತ್ತದೆಂಬ ನಂಬಿಕೆಯ ಮೇಲೆ ನಿಂತಿತ್ತು.

ಮುಳುಗಿದ್ದಾಗಲೂ ಒಂದು ತೊಡಕು ಇತ್ತು. ಆಸ್ಡಿಕ್‌ನ ಮಿಡಿತ ಮುಂದಕ್ಕೆ ಹೋಗುತ್ತದೆ, ಕೆಳಕ್ಕಲ್ಲ. ಡೆಪ್ತ್ ಚಾರ್ಜ್ ಎಂಬ ಸಿಡಿಗುಂಡನ್ನು ಹಾಕುವುದು ಹಡಗಿನ ಹಿಂಬದಿಯಿಂದ. ಅಂದರೆ ಸಬ್‌ಮರೀನ್ ಮೇಲೆ ಹಾದುಹೋಗುವ ಕೊನೆಯ ಗಳಿಗೆಯಲ್ಲಿ ಪ್ರತಿಧ್ವನಿ ಕೈತಪ್ಪುತ್ತದೆ, ಗುಂಡು ಆ ಆಳಕ್ಕೆ ಇಳಿಯಲು ಇನ್ನಷ್ಟು ಸೆಕೆಂಡು ಬೇಕು. ಅಷ್ಟರಲ್ಲಿ ಅನುಭವಿ ಕ್ಯಾಪ್ಟನ್ ಚುಕ್ಕಾಣಿ ತಿರುಗಿಸಿರುತ್ತಾನೆ. ಈ ಕೊರತೆ ನೀಗಿಸಲು ‘ಹೆಜ್‌ಹಾಗ್’ ಬಂತು. 24 ಚಿಕ್ಕ ಬಾಂಬುಗಳನ್ನು ಹಡಗಿನ ಮುಂದಕ್ಕೇ ಎಸೆಯುವ ಸಾಧನ ಅದು. ತಾಗಿದರೆ ಮಾತ್ರ ಸಿಡಿಯುತ್ತಿದ್ದುದರಿಂದ ತಪ್ಪಿದ ಬಾಂಬು ನೀರು ಕಲಕಿ ಪ್ರತಿಧ್ವನಿ ಕೆಡಿಸುತ್ತಿರಲಿಲ್ಲ.

ಶತ್ರು ಒಳಗೇ ಇದ್ದಾನೆ ಎಂದು ಕೊನೆಗೆ ಗೊತ್ತಾದದ್ದು ಹೇಗೆ?

ಲಿವರ್‌ಪೂಲ್‌ನ ಒಂದು ಕೋಣೆಯ ನೆಲದ ಮೇಲೆ. 1942ರ ಆರಂಭದಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಅಲ್ಲಿ ತಂತ್ರಗಳ ಘಟಕ ತೆರೆದ. ಕಾಯಿಲೆಯಿಂದ ಸಮುದ್ರ ಸೇವೆ ಕಳೆದುಕೊಂಡಿದ್ದ ಅಧಿಕಾರಿ ಆತ. ನೆಲದಲ್ಲಿ ಗೆರೆ ಹಾಕಿ, ಚಿಕ್ಕ ಹಡಗುಗಳನ್ನಿಟ್ಟು, ನೌಕಾಪಡೆಯ ಮಹಿಳಾ ವಿಭಾಗದ ಯುವತಿಯರ ಜೊತೆ ನಡೆದುಹೋದ ದಾಳಿಗಳನ್ನು ಮತ್ತೆ ಮತ್ತೆ ಆಡಿಸಿದ. ಆಡುವ ಅಧಿಕಾರಿಗಳಿಗೆ ಪರದೆಯ ಕಿಂಡಿಯಿಂದ, ಹಡಗಿನಿಂದ ಕಾಣುವಷ್ಟೇ ಕಾಣುತ್ತಿತ್ತು.

ಪೆಟ್ಟು ತಿಂದ ಹಡಗುಗಳು ಎಲ್ಲಿದ್ದವು ಎಂದು ಗುರುತಿಸಿದಾಗ, ನಡು ಸಾಲುಗಳಲ್ಲಿದ್ದ ಹಡಗುಗಳು ಹೊರಗಿನಿಂದ ಬಂದ ಟಾರ್ಪೆಡೊಗೆ ಸಿಗುವಂತಿರಲಿಲ್ಲ. ಸಬ್‌ಮರೀನ್ ಹಿಂದಿನಿಂದ, ಕಾವಲು ತೆಳುವಿರುವ ಕಡೆಯಿಂದ ಸಾಲುಗಳ ಒಳಕ್ಕೆ ಬರುತ್ತಿತ್ತು. ಹೊಡೆದ ಮೇಲೆ ಮುಳುಗಿ, ಕಾನ್ವಾಯ್ ತನ್ನ ಮೇಲೆ ಹಾದುಹೋಗಲು ಬಿಡುತ್ತಿತ್ತು. ಹಾಗಾದರೆ ದಾಳಿಯ ನಂತರ ಅದು ಇರುವುದು ಕಾನ್ವಾಯ್‌ನ ಹಿಂದೆ. ಬೆಂಗಾವಲು ಹಡಗುಗಳು ಹೊರಗೆ ಓಡುವ ಬದಲು ಹಿಂದಕ್ಕೆ ಸರಿದು, ಸಾಲಾಗಿ ಆಸ್ಡಿಕ್ ಹಾಕಿ ಗುಡಿಸಿಕೊಂಡು ಬರಬೇಕು. ಈ ಚಲನೆಗೆ ‘ರಾಸ್ಬೆರಿ’ ಎಂದು ಹೆಸರಿಟ್ಟರು. ಒಂದೇ ಪದ ರೇಡಿಯೋದಲ್ಲಿ ಹೇಳಿದರೆ ಎಲ್ಲ ಹಡಗೂ ತನ್ನ ಜಾಗಕ್ಕೆ ಹೋಗುತ್ತಿತ್ತು. ಎಸ್‌ಸಿ 7ರ ಬೆಂಗಾವಲಿಗೆ ಇಲ್ಲದಿದ್ದುದು ಇದೇ. ನನ್ನ ಮಟ್ಟಿಗೆ ಇಡೀ ಸಮರದಲ್ಲಿ ಅತಿ ಅಗ್ಗದ, ಅತಿ ಲಾಭದ ಆವಿಷ್ಕಾರ ಆ ನೆಲದ ಆಟ.

ಸಬ್‌ಮರೀನ್ ಮುಳುಗಿಸದೆ ಕಾನ್ವಾಯ್ ಉಳಿಸಬಹುದೇ?

ಬಹುದು, ಹೆಚ್ಚು ಸಲ ಆದದ್ದೂ ಹಾಗೆಯೇ. ಹಿಂಬಾಲಿಸುವ ಸಬ್‌ಮರೀನ್ ರೇಡಿಯೋ ಬಳಸಲೇಬೇಕಿತ್ತು. ಚುಟುಕು ಸಂದೇಶವಾದರೆ ದಿಕ್ಕು ಪತ್ತೆಯಾಗದು ಎಂದು ಜರ್ಮನರು ನಂಬಿದ್ದರು. ಬೆಂಗಾವಲು ಹಡಗುಗಳ ಮೇಲೇ ಕೂರಿಸಿದ ದಿಕ್ಕು ಪತ್ತೆ ಯಂತ್ರ, ನಾವಿಕರ ಬಾಯಲ್ಲಿ ‘ಹಫ್-ಡಫ್’, ಆ ಕೆಲವು ಸೆಕೆಂಡುಗಳಲ್ಲೇ ದಿಕ್ಕು ಹಿಡಿಯುತ್ತಿತ್ತು. ಒಂದು ಹಡಗು ಆ ದಿಕ್ಕಿಗೆ ಓಡುತ್ತದೆ. ಅದನ್ನು ಕಂಡು ಸಬ್‌ಮರೀನ್ ಮುಳುಗುತ್ತದೆ.

ಈಗ ಲೆಕ್ಕ ಹಾಕಿ. ಆರು ಗಂಟೆ ಅದನ್ನು ಕೆಳಗೇ ಅದುಮಿಟ್ಟರೆ, ಸದ್ದಾಗದಂತೆ ಗಂಟೆಗೆ 4 ಕಿ.ಮೀ. ತೆವಳಿದ ಸಬ್‌ಮರೀನ್ 24 ಕಿ.ಮೀ. ಹೋಗಿರುತ್ತದೆ. ಕಾನ್ವಾಯ್ 78 ಕಿ.ಮೀ. ದಾಟಿರುತ್ತದೆ. ಅಂತರ 54 ಕಿ.ಮೀ. ಮೇಲೆ ಬಂದು ಪೂರ್ತಿ ವೇಗದಲ್ಲಿ ಬೆನ್ನಟ್ಟಿದರೂ ಗಂಟೆಗೆ 20 ಕಿ.ಮೀ. ಮಾತ್ರ ಹತ್ತಿರವಾಗುತ್ತದೆ. ಹಿಡಿಯಲು ಮೂರು ಗಂಟೆ ಹತ್ತಿರ, ಮುಂದಕ್ಕೆ ಬಂದು ಹೊಂಚು ಹಾಕಲು ಇನ್ನೂ ಹೊತ್ತು. ಇದು ಸಮುದ್ರ ಶಾಂತವಾಗಿದ್ದರೆ. ಈ ನಡುವೆ ಕಾನ್ವಾಯ್ ದಿಕ್ಕು ಬದಲಿಸಿದ್ದರೆ ಕಥೆ ಮುಗಿಯಿತು. ತಲೆಯ ಮೇಲೆ ವಿಮಾನವೊಂದು ಸುತ್ತುತ್ತಿದ್ದರೆ ಮೇಲೆ ಬರುವ ಮಾತೇ ಇಲ್ಲ. ವಿಮಾನ ಒಂದೂ ಬಾಂಬು ಹಾಕದೆ ಮರಳಿದ ದಿನವೂ ಕೆಲಸ ಮಾಡಿಯೇ ಇರುತ್ತಿತ್ತು.

ಅಪಾಯ ಎಲ್ಲಿತ್ತೆಂದರೆ, ಅದುಮಿಡಲು ಹೋದ ಹಡಗು ಕಾನ್ವಾಯ್‌ನಿಂದ ದೂರವಾಗುತ್ತದೆ. ಕಾರ್ವೆಟ್ ಎಂಬ ಸಾಮಾನ್ಯ ಸಣ್ಣ ಬೆಂಗಾವಲು ಹಡಗಿನ ವೇಗ ಗಂಟೆಗೆ 30 ಕಿ.ಮೀ., ಸಬ್‌ಮರೀನ್‌ಗಿಂತಲೂ ಕಡಿಮೆ. ಬಹಳ ಹೊತ್ತು ನಿಂತರೆ ಸ್ಕಾರ್ಬರೋ ಕಥೆಯೇ. 1942ರ ನವೆಂಬರ್‌ನಲ್ಲಿ ಅಧಿಕಾರ ವಹಿಸಿಕೊಂಡ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಇದಕ್ಕೆ ಬೇರೆಯೇ ತಂಡ ಕಟ್ಟಿದ: ಕಾನ್ವಾಯ್ ಬಿಟ್ಟು ಕದಲದ ಬೆಂಗಾವಲು ಒಂದು, ಸಂಕಷ್ಟದಲ್ಲಿರುವ ಕಾನ್ವಾಯ್‌ಗೆ ಓಡಿಬಂದು ಬೇಕಾದಷ್ಟು ಹೊತ್ತು ಬೇಟೆಯಾಡುವ ಸಹಾಯಕ ತಂಡ ಇನ್ನೊಂದು. ಹಾರ್ಟನ್ ಸ್ವತಃ ಮೊದಲನೇ ಯುದ್ಧದ ಸಬ್‌ಮರೀನ್ ಕ್ಯಾಪ್ಟನ್.

ಮೇಲುಗೈ ಬದಲಾದದ್ದು ಯಾವಾಗ?

1943ರ ಮೇ. ಒಂದೇ ಕಾನ್ವಾಯ್ ಹೆಸರಿಸಿ ಎಂದರೆ ಒಎನ್‌ಎಸ್ 5. ಏಪ್ರಿಲ್ 21ರಂದು ಲಿವರ್‌ಪೂಲ್‌ನಿಂದ ಹೊರಟ, ಬಹುತೇಕ ಖಾಲಿ ಹಡಗುಗಳ ಗುಂಪು. ಕಾವಲು ಪೀಟರ್ ಗ್ರೆಟನ್‌ನ ಬಿ7 ತಂಡದ್ದು. ಇವರು ಒಟ್ಟಿಗೆ ಪಳಗಿದವರು. ಮೊದಲ ರಾತ್ರಿಯ ದಾಳಿಗಳನ್ನು ಹಫ್-ಡಫ್ ಮತ್ತು ರೇಡಾರ್ ಬಲದಿಂದ ಒಂದೊಂದಾಗಿ ಹಿಮ್ಮೆಟ್ಟಿಸಿದರು, ಹೋದದ್ದು ಒಂದೇ ಹಡಗು. ಆಮೇಲೆ ಭಾರೀ ಬಿರುಗಾಳಿ. ಕಾನ್ವಾಯ್ ಚದುರಿತು. ಅಲೆಗಳ ನಡುವೆ ಎಣ್ಣೆ ತುಂಬಿಸಿಕೊಳ್ಳಲಾಗದೆ ಗ್ರೆಟನ್‌ನ ಸ್ವಂತ ಹಡಗೇ ನ್ಯೂಫೌಂಡ್‌ಲೆಂಡ್‌ಗೆ ಹೋಗಬೇಕಾಯಿತು. ಟೇ ಎಂಬ ಹಡಗಿನ ರಾಬರ್ಟ್ ಶೆರ್‌ವುಡ್ ನಾಯಕತ್ವ ವಹಿಸಿಕೊಂಡ.

ಮೇ 4ರ ರಾತ್ರಿ ಮತ್ತು 5ರ ಹಗಲು ಕಾನ್ವಾಯ್ ಕೆಟ್ಟದಾಗಿ ಪೆಟ್ಟು ತಿಂದಿತು. ಒಟ್ಟು ನಷ್ಟ 13 ಹಡಗು. 5ರ ಸಂಜೆ ಸುತ್ತ ಇನ್ನೂ ಹತ್ತು ಹದಿನೈದು ಸಬ್‌ಮರೀನ್ ಕಾದಿದ್ದವು. ಆಗ ಮಂಜು ಕವಿಯಿತು.

ಮಂಜಿನಲ್ಲಿ ಜರ್ಮನ್ ಕಾವಲುಗಾರನ ಕಣ್ಣಿಗೆ ಏನೂ ಕಾಣದು. ಬ್ರಿಟಿಷ್ ಹಡಗುಗಳಲ್ಲಿ 10 ಸೆಂಟಿಮೀಟರ್ ತರಂಗದ ಹೊಸ ರೇಡಾರ್ ಇತ್ತು, ನೀರಿನ ಮೇಲಿನ ಸಬ್‌ಮರೀನ್ ಕೆಲವು ಕಿಲೋಮೀಟರ್ ದೂರದಲ್ಲೇ ಅದಕ್ಕೆ ಸಿಗುತ್ತಿತ್ತು. ಸಬ್‌ಮರೀನ್‌ಗಳಲ್ಲಿದ್ದ ‘ಮೆಟಾಕ್ಸ್’ ಎಚ್ಚರಿಕೆ ಯಂತ್ರ ಹಳೆಯ ಉದ್ದ ತರಂಗಗಳಿಗೆ ಮಾತ್ರ ಕಿವಿಗೊಡುತ್ತಿತ್ತು. ಹಾಗಾಗಿ ಮಂಜಿನಿಂದ ಹಡಗಿನ ಮೂತಿ ಹೊರಬಂದಾಗಲೇ ಜರ್ಮನರಿಗೆ ಸುದ್ದಿ. ಒರಿಬಿ ಎಂಬ ಡಿಸ್ಟ್ರಾಯರ್ ಯು-125ಕ್ಕೆ ನೇರ ಗುದ್ದಿತು. ಮುಳುಗಲಾರದೆ ಒದ್ದಾಡುತ್ತಿದ್ದ ಅದನ್ನು ಸ್ವಲ್ಪ ಹೊತ್ತಿನ ಮೇಲೆ ಸ್ನೋಫ್ಲೇಕ್ ಎಂಬ ಕಾರ್ವೆಟ್ ಕಂಡಿತು. ಸಿಬ್ಬಂದಿ ತಾವೇ ಹಡಗು ಮುಳುಗಿಸಿ ನೀರಿಗಿಳಿದರು, ಯಾರೂ ಬದುಕಲಿಲ್ಲ. ಆ ಮಂಜಿನ ರಾತ್ರಿ ಒಂದೂ ಸರಕು ಹಡಗು ಹೋಗಲಿಲ್ಲ. ಇಡೀ ಕಾದಾಟದಲ್ಲಿ ಬೆಂಗಾವಲಿನವರು ಆರು ಸಬ್‌ಮರೀನ್ ಮುಳುಗಿಸಿದರು.

ಅದೇ ತಿಂಗಳ ನಡುವಿನಲ್ಲಿ ಗ್ರೆಟನ್‌ನ ತಂಡವೇ ಕಾಯ್ದ ಎಸ್‌ಸಿ 130 ಒಂದೂ ಹಡಗು ಕಳೆದುಕೊಳ್ಳದೆ ದಾಟಿತು. ಆ ದಾಳಿಯಲ್ಲಿ ನಾಶವಾದ ಯು-954ರಲ್ಲಿ ಡೋನಿಟ್ಜ್‌ನ ಮಗ ಪೀಟರ್ ಇದ್ದ. ಮೇ ತಿಂಗಳಲ್ಲಿ ಎಲ್ಲೆಡೆ ಸೇರಿ 41 ಸಬ್‌ಮರೀನ್ ಹೋದವು. 24ರಂದು ಡೋನಿಟ್ಜ್ ಉತ್ತರ ಅಟ್ಲಾಂಟಿಕ್‌ನಿಂದ ಹಿಂಡುಗಳನ್ನು ಹಿಂದಕ್ಕೆ ಕರೆಸಿದ.

ಜರ್ಮನರ ಎನಿಗ್ಮಾ ಸಂಕೇತ ಒಡೆದದ್ದೇ ಗೆಲುವಿಗೆ ಕಾರಣವಲ್ಲವೇ?

ಒಂದು ಕಾರಣ. ಸಬ್‌ಮರೀನ್‌ಗಳ ಸಾಲು ಎಲ್ಲಿ ನಿಂತಿದೆ ಎಂದು ಗೊತ್ತಾದರೆ ಕಾನ್ವಾಯ್ ಸುತ್ತಿಬಳಸಿ ಹೋಗಬಹುದು, ಅದರಿಂದ ಎಷ್ಟೋ ಹಡಗು ಉಳಿದವು. ಆದರೆ 1942ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಸಬ್‌ಮರೀನ್‌ಗಳ ಹೊಸ ಸಂಕೇತ ಬ್ರಿಟಿಷರಿಗೆ ಓದಲಾಗಲಿಲ್ಲ. ಇತ್ತ ಜರ್ಮನರೂ ಬ್ರಿಟಿಷ್ ಕಾನ್ವಾಯ್ ಸಂಕೇತವನ್ನು ಬಹುಕಾಲ ಓದುತ್ತಿದ್ದರು. ಸಾಗರದಲ್ಲಿ 40ರಷ್ಟು ಸಬ್‌ಮರೀನ್ ಒಂದೇ ಕಡೆ ನೆರೆದ ಮೇಲೆ ಸುತ್ತಿಬಳಸಲು ದಾರಿಯೂ ಉಳಿಯುವುದಿಲ್ಲ. ಆಗ ಒಎನ್‌ಎಸ್ 5ರಂತೆ ಹೊಡೆದಾಡಿಯೇ ದಾಟಬೇಕು.

ಕಾನ್ವಾಯ್ ಕಾಯಲು ಸಬ್‌ಮರೀನ್ ಬಳಸಿದ್ದುಂಟೇ?

ಉಂಟು. ಮೇಲೆ ಹೇಳಿದ ಎಚ್‌ಎಕ್ಸ್ 79ರ ಬೆಂಗಾವಲಿನಲ್ಲೇ ಒ 14 ಎಂಬ ಡಚ್ ಸಬ್‌ಮರೀನ್ ಇತ್ತು. ಅದರ ಕೆಲಸ ಶತ್ರು ಸಬ್‌ಮರೀನ್ ಹಿಡಿಯುವುದಲ್ಲ. ದೊಡ್ಡ ತೋಪುಗಳ ಜರ್ಮನ್ ಯುದ್ಧನೌಕೆ ಬಂದರೆ ಸಣ್ಣ ಬೆಂಗಾವಲು ಹಡಗುಗಳು ಏನೂ ಮಾಡಲಾಗದು, ನೀರಿನೊಳಗೆ ಟಾರ್ಪೆಡೊ ಹಿಡಿದು ಕಾದವನೊಬ್ಬನಿದ್ದರೆ ಆ ನೌಕೆ ಹತ್ತಿರ ಬರಲು ಹಿಂದೆಮುಂದೆ ನೋಡುತ್ತದೆ ಎಂಬ ಲೆಕ್ಕ. ಸಬ್‌ಮರೀನ್‌ಗಳು ರಾತ್ರಿ ಬಂದಾಗ ಅದರಿಂದ ಪ್ರಯೋಜನವಾಗಲಿಲ್ಲ.

1942ರಲ್ಲಿ ರಷ್ಯಾಕ್ಕೆ ಹೊರಟ ಪಿಕ್ಯು 17ರ ಜೊತೆಗೂ ಪಿ 614, ಪಿ 615 ಎಂಬ ಎರಡು ಬ್ರಿಟಿಷ್ ಸಬ್‌ಮರೀನ್ ಇದ್ದವು. ಭಾರಿ ಯುದ್ಧನೌಕೆ ದಾಳಿ ಮಾಡಿದರೆ ತಾನು ನೀರಿನ ಮೇಲೆಯೇ ಇರುವೆನೆಂದು ಒಂದರ ಕ್ಯಾಪ್ಟನ್ ಸಂದೇಶ ಕಳಿಸಿದನಂತೆ. ಬೆಂಗಾವಲಿನ ನಾಯಕ ಜಾಕ್ ಬ್ರೂಮ್ ‘ನಾನೂ ಅಷ್ಟೇ’ ಎಂದು ಉತ್ತರಿಸಿದನಂತೆ. ಜರ್ಮನಿಯ ಭಾರಿ ಯುದ್ಧನೌಕೆ ಟಿರ್‌ಪಿಟ್ಸ್ ಬರುತ್ತಿದೆಯೆಂಬ ಭಯದಲ್ಲಿ ಜುಲೈ 4ರಂದು ಲಂಡನ್‌ನಿಂದ ಚದುರಿಹೋಗಲು ಆಜ್ಞೆ ಬಂತು. ಟಿರ್‌ಪಿಟ್ಸ್ ಕಾನ್ವಾಯ್ ತಲುಪಲೇ ಇಲ್ಲ, ಆದರೆ ಚದುರಿದ ಹಡಗುಗಳನ್ನು ವಿಮಾನಗಳೂ ಸಬ್‌ಮರೀನ್‌ಗಳೂ ಒಂದೊಂದಾಗಿ ಹೆಕ್ಕಿದವು.

ಪೆಸಿಫಿಕ್‌ನಲ್ಲಿ ಸಬ್‌ಮರೀನ್‌ನಿಂದ ಸರಕು ಹಡಗು ಮುಳುಗಿಸುವ ಅಮೆರಿಕದ ತಂತ್ರ ಗೆದ್ದಿತಲ್ಲ?

ಗೆದ್ದಿತು, ಏಕೆಂದರೆ ಎದುರಾಳಿ ತಡಮಾಡಿದ. ಜಪಾನ್ ಕೂಡ ದ್ವೀಪ ರಾಷ್ಟ್ರ, ಆದರೆ ಕಾನ್ವಾಯ್ ರಕ್ಷಣೆಗೆಂದೇ ಒಂದು ಪ್ರಧಾನ ಕಮಾಂಡ್ ರಚಿಸಿದ್ದು 1943ರ ನವೆಂಬರ್‌ನಲ್ಲಿ. ಬೆಂಗಾವಲು ಹಡಗು ಕಡಿಮೆ, ರೇಡಾರ್ ದುರ್ಬಲ, ಸಂಕೇತ ಅಮೆರಿಕದ ಕೈಯಲ್ಲಿ. ಜಪಾನ್ ಕಳೆದುಕೊಂಡ ವ್ಯಾಪಾರಿ ಹಡಗುಗಳ ಟನ್ನೇಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕದ ಸಬ್‌ಮರೀನ್‌ಗಳ ಪಾಲು.

ಮುಳುಗಿಯೇ ವೇಗವಾಗಿ ಓಡುವ ಸಬ್‌ಮರೀನ್ ಇದ್ದಿದ್ದರೆ?

ಜರ್ಮನಿ ಅದನ್ನು ಕಟ್ಟಿತ್ತು. ‘ಟೈಪ್ 21’ ದೊಡ್ಡ ಬ್ಯಾಟರಿಗಳ ಬಲದಿಂದ ನೀರಿನೊಳಗೆ ಗಂಟೆಗೆ 30 ಕಿ.ಮೀ. ಮೀರಿ ಓಡುತ್ತಿತ್ತು, ಸ್ನಾರ್ಕೆಲ್ ಎಂಬ ಗಾಳಿ ಕೊಳವೆಯಿಂದ ಮೇಲೆ ಬಾರದೆಯೇ ಬ್ಯಾಟರಿ ತುಂಬಿಸಿಕೊಳ್ಳುತ್ತಿತ್ತು. ಮೇಲಿನ ಆರು ಗಂಟೆಯ ಲೆಕ್ಕ ಅದರ ಮುಂದೆ ನಿಲ್ಲುವುದಿಲ್ಲ. ಆದರೆ ಭಾಗಗಳನ್ನು ಬೇರೆ ಬೇರೆ ಕಡೆ ಮಾಡಿ ಜೋಡಿಸಿದ್ದರಿಂದ ದೋಷಗಳು ಹೆಚ್ಚು, ಬಾಂಬ್ ದಾಳಿಯಿಂದ ವಿಳಂಬ. ನೂರಕ್ಕೂ ಹೆಚ್ಚು ಸೇವೆಗೆ ಸೇರಿದರೂ ಯುದ್ಧ ಮುಗಿಯುವ ಮುನ್ನ ಸಾಗರ ಗಸ್ತಿಗೆ ಹೊರಟದ್ದು ಒಂದೆರಡೇ. ಯುದ್ಧದ ನಂತರ ಗೆದ್ದ ದೇಶಗಳೆಲ್ಲ ಅದನ್ನೇ ಬಿಚ್ಚಿ ನೋಡಿ ತಮ್ಮ ಹೊಸ ಸಬ್‌ಮರೀನ್‌ಗಳನ್ನು ಕಟ್ಟಿದವು.